ಗೋಡೆಗಳ ಕೈ ಹಿಡಿಯುವ ಮೂರಿಂಚಿನ ಪಟ್ಟಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 4 ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಊರು ಅದು. ಭೂಕಂಪದ ತೀವ್ರತೆ 6.2. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಸೇರುವಂಥದ್ದಲ್ಲ. ಆದರೂ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರ ಜನ ಸತ್ತರು. ಗಡಿಯ ಈಚೆಗೆ ಬೀದರ್, ಕಲಬುರಗಿಯವರೂ ಬೆಚ್ಚಿ ಎದ್ದು ಬಯಲಿಗೆ ಓಡಿದ್ದರು. ಕೊಂದದ್ದು ಹೆಚ್ಚಾಗಿ ಮನೆಗಳೇ: ಎರಡಡಿಗೂ ದಪ್ಪದ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮರದ ತೊಲೆ, ತೊಲೆಯ ಮೇಲೆ ಹೇರಿದ ಮಣ್ಣಿನ ಮಾಳಿಗೆ.

ಆ ಊರಿನಲ್ಲಿ ಕಲ್ಲು ಇಟ್ಟಿಗೆಯ ಕಟ್ಟಡಗಳೆಲ್ಲ ಹೆಚ್ಚುಕಡಿಮೆ ನೆಲ ಕಂಡಿದ್ದರೂ ಒಂದು ಕಟ್ಟಡ ಮಾತ್ರ ಅಲ್ಪಸ್ವಲ್ಪ ಹಾನಿಯೊಂದಿಗೆ ನಿಂತಿತ್ತು. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಅದರ ಗೋಡೆಗಳನ್ನು ಸುತ್ತಿ ಒಂದು ಕಾಂಕ್ರೀಟ್ ಪಟ್ಟಿ ಹಾಕಿದ್ದರು. ಲಿಂಟಲ್ ಬ್ಯಾಂಡ್ ಎನ್ನುವುದು ಇದನ್ನೇ. ಕಾನ್ಪುರದ ಐಐಟಿಯ ಭೂಕಂಪ ಎಂಜಿನಿಯರಿಂಗ್ ಪಾಠಗಳಲ್ಲಿ ಈ ಕಟ್ಟಡ ಇಂದಿಗೂ ಉದಾಹರಣೆಯಾಗಿ ಬರುತ್ತದೆ.

ಮೂರಿಂಚು ದಪ್ಪದ ಪಟ್ಟಿಗೆ ಇಷ್ಟು ಶಕ್ತಿ ಎಲ್ಲಿಂದ? ಭೂಮಿ ಅಡ್ಡಡ್ಡ ಅಲುಗಿದಾಗ ಗೋಡೆಯ ತಳ ಅದರೊಂದಿಗೆ ಸರಿಯುತ್ತದೆ, ಭಾರವಾದ ಮೇಲ್ಭಾಗ ಇದ್ದಲ್ಲೇ ಉಳಿಯಲು ನೋಡುತ್ತದೆ. ಗೋಡೆಯನ್ನು ಅದರ ಉದ್ದದ ಗುಂಟ ತಳ್ಳಿದರೆ ಅದು ಬಹಳ ಗಟ್ಟಿ. ಅಗಲದ ಕಡೆಯಿಂದ, ಅಂದರೆ ಮುಖಕ್ಕೆ ತಳ್ಳಿದರೆ ಸುಲಭವಾಗಿ ಮಗುಚುತ್ತದೆ. ನಾಲ್ಕು ಗೋಡೆಯ ಕೋಣೆಯಲ್ಲಿ ಯಾವ ದಿಕ್ಕಿಗೆ ಭೂಮಿ ಅಲುಗಿದರೂ ಎರಡು ಗೋಡೆ ಗಟ್ಟಿ ದಿಕ್ಕಿನಲ್ಲಿ, ಎರಡು ದುರ್ಬಲ ದಿಕ್ಕಿನಲ್ಲಿ ಇರುತ್ತವೆ. ದುರ್ಬಲವಾದವು ಗಟ್ಟಿಯಾದವನ್ನು ಹಿಡಿದುಕೊಂಡರೆ ಮನೆ ಉಳಿಯುತ್ತದೆ. ಹಿಡಿತ ತಪ್ಪುವ ಜಾಗ ಮೂಲೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕು ಇಳಿದು ಎರಡು ಗೋಡೆ ಬೇರೆಯಾದ ಮೇಲೆ ಒಂದೊಂದೂ ಒಂಟಿಯಾಗಿ ಹೊರಕ್ಕೆ ಬೀಳುತ್ತದೆ, ಮಾಳಿಗೆ ಒಳಕ್ಕೆ ಕುಸಿಯುತ್ತದೆ. ಬಂಡಿಯ ಗಾಲಿಗೆ ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟಿ ಮರದ ತುಂಡುಗಳು ಒಂದರಿಂದೊಂದು ಬಿಡದಂತೆ ಹೇಗೆ ಬಿಗಿಯುತ್ತದೋ, ಲಿಂಟಲ್ ಬ್ಯಾಂಡ್ ಗೋಡೆಗಳನ್ನು ಹಾಗೆ ಬಿಗಿಯುತ್ತದೆ. ಎಲ್ಲಿಯೂ ತುಂಡಾಗಿರಬಾರದು ಎಂಬುದೇ ಅದರ ಮುಖ್ಯ ಷರತ್ತು.

ಈ ತಿಳಿವಳಿಕೆ ಹೊಸದೇನಲ್ಲ. 1931ರಲ್ಲಿ ಬಲೂಚಿಸ್ತಾನದ ಮಾಚ್‌ನಲ್ಲಿ ಭೂಕಂಪವಾದ ಮೇಲೆ ಎಸ್. ಎಲ್. ಕುಮಾರ್ ಎಂಬ ರೈಲ್ವೆ ಎಂಜಿನಿಯರ್ ಕ್ವೆಟ್ಟಾದಲ್ಲಿ ನೌಕರರ ಕ್ವಾರ್ಟರ್ಸ್ ಕಟ್ಟಿಸುವಾಗ ಇಟ್ಟಿಗೆ ಗೋಡೆಗಳ ಒಳಗೆ ಹಳೆಯ ರೈಲು ಹಳಿಗಳನ್ನು ಸೇರಿಸಿ ಬಿಗಿದರು. 1935ರ ಮೇ 31ರ ಭೂಕಂಪದಲ್ಲಿ ಕ್ವೆಟ್ಟಾ ನಗರವೇ ನೆಲಸಮವಾಯಿತು, ಆ ಕ್ವಾರ್ಟರ್ಸ್ ಮಾತ್ರ ನಿಂತವು. ಇಂದು ಚಿಕ್ಕ ಮನೆಗಳಿಗೆ ಅನ್ವಯವಾಗುವ ನಿಯಮಗಳು ಭಾರತೀಯ ಮಾನಕ ಸಂಸ್ಥೆಯ ಐಎಸ್ 4326 ಎಂಬ ಸಂಹಿತೆಯಲ್ಲಿವೆ.

ವಿಜಯಪುರ ಜಿಲ್ಲೆಯ ಒಂದು ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 2002ರಲ್ಲಿ ಪರಿಷ್ಕರಿಸಿದ ನಕ್ಷೆಯಲ್ಲಿ ಈ ಊರು ಮೂರನೇ ವಲಯದಲ್ಲಿದೆ, 2021ರಲ್ಲಿ ಇಲ್ಲಿನ ಹಳ್ಳಿಗಳು ಮತ್ತೆ ಮತ್ತೆ ಸಣ್ಣಗೆ ನಡುಗಿದ್ದೂ ಉಂಟು. ಮನೆ 20 ಅಡಿಗೆ 30 ಅಡಿ, ಅಂದರೆ 6 ಮೀಟರಿಗೆ 9 ಮೀಟರ್. ಒಂದೇ ಅಂತಸ್ತು, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ. ನಡುವೆ ಒಂದು ಅಡ್ಡಗೋಡೆ ಮನೆಯನ್ನು ಎರಡು ಭಾಗ ಮಾಡುತ್ತದೆ. ಇನ್ನೊಂದು ಗೋಡೆ ಅದರಲ್ಲಿ ಒಂದು ಭಾಗವನ್ನು ಎರಡು ಕೋಣೆ ಮಾಡುತ್ತದೆ. ಒಟ್ಟು ಗೋಡೆಯ ಉದ್ದ ಸುಮಾರು 40 ಮೀಟರ್.

ಪಟ್ಟಿಯ ಅಗಲ ಗೋಡೆಯಷ್ಟೇ, ದಪ್ಪ 75 ಮಿಲಿಮೀಟರ್. ಅದರೊಳಗೆ ಉದ್ದಕ್ಕೆ 8 ಮಿಲಿಮೀಟರಿನ ಎರಡು ಸರಳು, ಒಂದು ಗೋಡೆಯ ಒಳಮುಖದ ಹತ್ತಿರ, ಇನ್ನೊಂದು ಹೊರಮುಖದ ಹತ್ತಿರ. ಅವೆರಡನ್ನೂ ಹಿಡಿದಿಡಲು ಪ್ರತಿ ಆರಿಂಚಿಗೆ 6 ಮಿಲಿಮೀಟರಿನ ಅಡ್ಡ ಸರಳು, ತುದಿಗಳಲ್ಲಿ ಕೊಕ್ಕೆ. ಇಷ್ಟೆಲ್ಲ ಸೇರಿ ಒಂದು ಪಟ್ಟಿಗೆ ಸುಮಾರು 55 ಕಿಲೋ ಕಬ್ಬಿಣ, ಮುಕ್ಕಾಲು ಘನ ಮೀಟರಿಗೂ ಕಡಿಮೆ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕಿದರೆ ಆರು ಚೀಲ ಸಿಮೆಂಟ್ ಸಾಕು. ಬಾಗಿಲು ಕಿಟಕಿಗಳ ಮೇಲೆ ಲಿಂಟಲ್ ಹಾಕಲೇಬೇಕು, ಅದಕ್ಕೆ ಸೆಂಟ್ರಿಂಗ್ ಹಲಗೆಯೂ ಬರಲೇಬೇಕು. ಹಾಗಾಗಿ ಇಷ್ಟೂ ಹೊಸ ಖರ್ಚಲ್ಲ.

ಮನೆ ಕಟ್ಟಿಸುವವರು ಎಡವುವುದು ಇಲ್ಲಿಯೇ. ಪ್ರತಿ ಕಿಟಕಿಯ ಮೇಲೆ ಆಚೆ ಈಚೆ ಆರಾರು ಇಂಚು ಹೆಚ್ಚು ಉದ್ದದ ಲಿಂಟಲ್ ಕೂತಿರುತ್ತದೆ. ‘ಲಿಂಟಲ್ ಆಗಿದೆ’ ಎಂದು ಮೇಸ್ತ್ರಿ ಹೇಳುವುದು ಸುಳ್ಳಲ್ಲ, ಮಾಲೀಕರು ನಂಬುವುದೂ ತಪ್ಪಲ್ಲ. ಆದರೆ ಆ ತುಂಡು ಲಿಂಟಲ್ ತನ್ನ ಮೇಲಿನ ಇಟ್ಟಿಗೆಗಳ ಭಾರವನ್ನಷ್ಟೇ ಹೊರುತ್ತದೆ, ಮೂಲೆಯನ್ನು ಮುಟ್ಟುವುದೇ ಇಲ್ಲ. ಬ್ಯಾಂಡ್ ಆಗಬೇಕಾದರೆ ಅದು ಹೊರಗೋಡೆ, ಒಳಗೋಡೆ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ಬಚ್ಚಲುಮನೆಯ ಗವಾಕ್ಷಿ ಎತ್ತರದಲ್ಲಿದೆ ಎಂದು ಅಲ್ಲಿ ಪಟ್ಟಿ ಕತ್ತರಿಸಿ ಅರ್ಧ ಅಡಿ ಮೇಲೆ ಮತ್ತೆ ಶುರು ಮಾಡಿದರೆ ಪಟ್ಟಿ ಅಲ್ಲಿಗೇ ಮುಗಿಯಿತು. ಆ ಗವಾಕ್ಷಿಯನ್ನೇ ಪಟ್ಟಿಗಿಂತ ಕೆಳಗೆ ಅಥವಾ ಪೂರ್ತಿ ಮೇಲೆ ಇಡಬೇಕು. ಅಗಲದ ಬಾಗಿಲಿದ್ದರೆ ಪಟ್ಟಿಯ ಎರಡು ಸರಳು ಅಲ್ಲಿನ ಭಾರಕ್ಕೆ ಸಾಲುವುದಿಲ್ಲ. ಆ ಭಾಗದಲ್ಲಿ ದಪ್ಪ ಹೆಚ್ಚಿಸಿ ಲಿಂಟಲಿನ ಸರಳುಗಳನ್ನು ಬೇರೆಯಾಗಿಯೇ ಸೇರಿಸಬೇಕು.

ಎರಡನೇ ತಪ್ಪು ಮೂಲೆಯ ಸರಳಿನಲ್ಲಿ. ಕಾಂಕ್ರೀಟ್ ಹಾಕುವ ಮುಂಚಿನ ಸಂಜೆ ಮಾಲೀಕರು ಏಣಿ ಹತ್ತಿ ನೋಡಬೇಕಾದ ಜಾಗ ಇದು. ಎರಡು ಗೋಡೆಯ ಸರಳುಗಳು ಮೂಲೆಯಲ್ಲಿ ಒಂದರ ಮೇಲೊಂದು ಸುಮ್ಮನೆ ಅಡ್ಡ ಬಿದ್ದಿದ್ದರೆ ಪಟ್ಟಿ ಬೇಕಾದ ಜಾಗದಲ್ಲೇ ಪಟ್ಟಿ ಇಲ್ಲ. ಹೊರಮುಖದ ಸರಳು ಮೂಲೆ ಸುತ್ತಿ ಪಕ್ಕದ ಗೋಡೆಗೆ ಹೊರಳಬೇಕು. ಒಳಮುಖದ ಸರಳು ಒಳಮೂಲೆಯಲ್ಲೇ ಬಾಗಬಾರದು. ನೇರ ಮುಂದೆ ಹೋಗಿ ಪಕ್ಕದ ಗೋಡೆಯ ಹೊರಮುಖದ ಹತ್ತಿರ ಬಾಗಬೇಕು. ಒಳಮೂಲೆಯಲ್ಲೇ ಬಾಗಿದ ಸರಳು ಎಳೆತಕ್ಕೆ ಸಿಕ್ಕಾಗ ನೇರವಾಗಲು ಹೋಗಿ ಅಲ್ಲಿನ ತೆಳು ಕಾಂಕ್ರೀಟನ್ನು ಒಡೆದು ಹೊರಬರುತ್ತದೆ. ಎರಡು ಸರಳು ಕೂಡುವಲ್ಲಿ 8 ಮಿಲಿಮೀಟರಿಗೆ ಕಡಿಮೆಯೆಂದರೆ 40 ಸೆಂಟಿಮೀಟರ್ ಒಂದರ ಪಕ್ಕ ಒಂದು ಇರಬೇಕು, ಆ ಜೋಡಣೆ ಮೂಲೆಯಿಂದ ದೂರ ಇರಬೇಕು. ಸರಳು ಇಟ್ಟಿಗೆಯ ಮೇಲೆ ನೇರವಾಗಿ ಮಲಗಿದ್ದರೆ ಅಡಿಗೆ ಒಂದಿಂಚಿನ ಕವರ್ ಬ್ಲಾಕ್ ಇಡಿಸಬೇಕು. ಇಲ್ಲದಿದ್ದರೆ ಹತ್ತಾರು ವರ್ಷಗಳಲ್ಲಿ ತುಕ್ಕು ಹಿಡಿದು ಪಟ್ಟಿ ಹೆಸರಿಗಷ್ಟೇ ಉಳಿಯುತ್ತದೆ.

ಪ್ಲಿಂತ್ ಬ್ಯಾಂಡ್ ಇದೇ ಅಳತೆಯದು, ಆದರೆ ತಳಪಾಯದ ಮೇಲೆ, ಮನೆಯ ನೆಲದ ಮಟ್ಟದಲ್ಲಿ. ಭೂಕಂಪದಲ್ಲಿ ಇದರ ಪಾಲು ಲಿಂಟಲ್ ಬ್ಯಾಂಡಿಗಿಂತ ಕಡಿಮೆ. ಗಟ್ಟಿ ಬಂಡೆಯ ಮೇಲೆ ಕಟ್ಟಿದ ಮನೆಗೆ ಇದು ಅಷ್ಟೊಂದು ಬೇಕಿಲ್ಲ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗಿನ ನೆಲದಲ್ಲಿ ತಳ ಏರುಪೇರಾಗಿ ಕುಸಿಯದಂತೆ ಇದು ತಡೆಯುತ್ತದೆ. ವಿಜಯಪುರದ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು, ಅಲ್ಲಿ ಇದನ್ನು ಬಿಡಬಾರದು. ಹಾಗೆಂದು ತಳಪಾಯವನ್ನು ಆಳಕ್ಕೆ ಇಳಿಸದೆ ಪಟ್ಟಿಯನ್ನೇ ನಂಬುವಂತೆಯೂ ಇಲ್ಲ. ಇದನ್ನು ಚೆನ್ನಾಗಿ ದಟ್ಟವಾಗಿ ಹಾಕಿದರೆ ನೆಲದ ತೇವ ಗೋಡೆಗೆ ಏರುವುದೂ ತಪ್ಪುತ್ತದೆ.

ಇನ್ನು ಮೂಲೆಯ ನಿಲುವು ಸರಳು. ಪಟ್ಟಿ ಗೋಡೆಗಳನ್ನು ಅಡ್ಡಕ್ಕೆ ಹಿಡಿಯುತ್ತದೆ. ಆದರೆ ಬಾಗಿಲು ಕಿಟಕಿಗಳ ನಡುವೆ ಉಳಿಯುವ ಗೋಡೆಯ ತುಂಡುಗಳು ಎರಡು ಪಟ್ಟಿಗಳ ನಡುವೆ ಬಿಡಿಯಾಗಿ ನಿಂತಿರುತ್ತವೆ. ಜೋರಾಗಿ ಅಲುಗಿದಾಗ ಅವು ಒಂದು ಅಂಚಿನ ಮೇಲೆ ಎದ್ದು, ಇನ್ನೊಂದು ಅಂಚಿಗೆ ಕೂತು ಓಲಾಡುತ್ತವೆ, ಓಲಾಡುತ್ತಲೇ ಮೂಲೆ ಪುಡಿಯಾಗುತ್ತದೆ. ಅವನ್ನು ತಳಕ್ಕೂ ಮೇಲಕ್ಕೂ ಕಟ್ಟಿಹಾಕಲು ಪ್ರತಿ ಮೂಲೆಯಲ್ಲಿ, ಗೋಡೆಗೆ ಗೋಡೆ ಸೇರುವಲ್ಲಿ ಒಂದೊಂದು ಸರಳು ನಿಲ್ಲಿಸುತ್ತಾರೆ. ಒಂದಂತಸ್ತಿನ ಮನೆಗೆ ನಾಲ್ಕನೇ ವಲಯದಲ್ಲಿ 10, ಐದನೇ ವಲಯದಲ್ಲಿ 12 ಮಿಲಿಮೀಟರಿನದು. ವಿಜಯಪುರದ ಈ ಮನೆಗೆ ಸಂಹಿತೆ ಅದನ್ನು ಕಡ್ಡಾಯ ಮಾಡುವುದಿಲ್ಲ. ಆದರೂ ನಾಲ್ಕು ಮೂಲೆ, ನಾಲ್ಕು ಕೂಡುಗೋಡೆಗಳಿಗೆ 10 ಮಿಲಿಮೀಟರಿನ ಎಂಟು ಸರಳು ಎಂದರೆ 22 ಕಿಲೋದಷ್ಟೇ ಕಬ್ಬಿಣ. ಕಿಲ್ಲಾರಿಯನ್ನೂ 1993ರವರೆಗೆ ಅತ್ಯಂತ ಸುರಕ್ಷಿತ ವಲಯದಲ್ಲಿ ಇಟ್ಟಿದ್ದರು ಎಂಬುದನ್ನು ನೆನೆದರೆ ಈ 22 ಕಿಲೋ ಉಳಿಸುವುದು ಜಾಣತನವಲ್ಲ.

ಈ ಸರಳನ್ನು ಕೊನೆಗೆ ಸೇರಿಸಲು ಬಾರದು. ತಳಪಾಯ ಹಾಕುವಾಗಲೇ ಬುಡ ಬಾಗಿಸಿ ಹೂತು ನಿಲ್ಲಿಸಬೇಕು. ಅದರ ಸುತ್ತ ಇಟ್ಟಿಗೆ ಜೋಡಿಸುತ್ತ ನಡುವೆ ಬಿಟ್ಟ ಗೂಡಿಗೆ ಕೆಲವು ವರಸೆಗೊಮ್ಮೆ ಕಾಂಕ್ರೀಟ್ ತುಂಬಿ ಸರಳಿನಿಂದ ಕುಟ್ಟಬೇಕು. ಪ್ಲಿಂತ್ ಬ್ಯಾಂಡ್, ಲಿಂಟಲ್ ಬ್ಯಾಂಡ್ ಎರಡರ ಒಳಗೂ ಹಾದು ಅದು ಚಾವಣಿಯ ಸರಳುಗಳ ಜೊತೆ ಬಾಗಿ ಸೇರಬೇಕು. ಗೋಡೆ ಎದ್ದ ಮೇಲೆ ಮೂಲೆಗೆ ಸರಳು ಒರಗಿಸಿ ಪ್ಲಾಸ್ಟರ್ ಮೆತ್ತಿದರೆ ಅದು ಗೋಡೆಯನ್ನು ಹಿಡಿಯುವುದಿಲ್ಲ. ಮೂಲೆಗೆ ಒತ್ತಿಕೊಂಡು ಕಿಟಕಿ ಇಟ್ಟರೂ ಸರಳಿಗೆ ಹಿಡಿಯಲು ಗೋಡೆಯೇ ಇರುವುದಿಲ್ಲ. ಒಳಮೂಲೆಯಿಂದ ಒಂದೂವರೆ ಅಡಿಯಾದರೂ ಬಿಡುವುದು ಒಳ್ಳೆಯದು.

ಚಾವಣಿ ಕಾಂಕ್ರೀಟಿನದಾದರೆ ಅದೇ ಮೇಲಿನ ಪಟ್ಟಿಯ ಕೆಲಸ ಮಾಡುತ್ತದೆ. ಹಂಚು, ತಗಡು ಹೊದಿಸಿದ ಮನೆಗೆ ಮಾತ್ರ ಗೋಡೆಯ ನೆತ್ತಿಯಲ್ಲಿ ಇನ್ನೊಂದು ಪಟ್ಟಿ, ಜೊತೆಗೆ ತ್ರಿಕೋನದ ಮೇಲ್ಗೋಡೆಯ ಇಳಿಜಾರಿನ ಗುಂಟ ಒಂದು ಪಟ್ಟಿ ಬೇಕು. ಕಲ್ಲಿನ ಗೋಡೆಗೆ ಪಟ್ಟಿಯೊಂದೇ ಸಾಲದು. ಕಿಲ್ಲಾರಿಯ ಅನೇಕ ಗೋಡೆಗಳಲ್ಲಿ ಒಳಮುಖ, ಹೊರಮುಖ ಎರಡು ಬೇರೆ ಬೇರೆ ಸಾಲು, ನಡುವೆ ಕಲ್ಲುಚೂರು, ಮಣ್ಣು. ನಡುಕಕ್ಕೆ ಆ ಎರಡು ಸಾಲು ಬೇರೆಯಾಗಿ ಉಬ್ಬಿ ಒಡೆದವು. ಆದ್ದರಿಂದ ಎರಡೂ ಮುಖ ಮುಟ್ಟುವ ಉದ್ದ ಕಲ್ಲುಗಳನ್ನು ಎತ್ತರಕ್ಕೆ ಎರಡಡಿಗೊಂದು, ಉದ್ದಕ್ಕೆ ನಾಲ್ಕಡಿಗೊಂದರಂತೆ ಕೂರಿಸಬೇಕು.

ಪಟ್ಟಿಯಿಲ್ಲದೆ ಕಟ್ಟಿ ಮುಗಿಸಿದ ಮನೆಗೂ ದಾರಿಯಿದೆ. ಲಿಂಟಲ್ ಮಟ್ಟದ ಸ್ವಲ್ಪ ಮೇಲೆ ಪ್ಲಾಸ್ಟರ್ ಕೆರೆದು, ಇಟ್ಟಿಗೆಯ ಸಂದುಗಳನ್ನು ಬಗೆದು ತೊಳೆದು, ಬೆಸುಗೆ ಹಾಕಿದ ತಂತಿ ಜಾಲರಿಯನ್ನು ಮನೆಯ ಸುತ್ತ ಮೊಳೆಯಿಂದ ಬಿಗಿದು ಒಂದಕ್ಕೆ ಮೂರರ ಸಿಮೆಂಟ್ ಗಾರೆ ಮೆತ್ತುತ್ತಾರೆ. ಮೂಲೆಯಲ್ಲಿ ಜಾಲರಿ ತುಂಡಾಗದೆ ಹೊರಳಬೇಕು, ಕೂಡುವಲ್ಲಿ ಒಂದಡಿಯಾದರೂ ಒಂದರ ಮೇಲೊಂದು ಬರಬೇಕು. ಒಳಮುಖದಲ್ಲೂ ಹಾಕಿ ಗೋಡೆ ಕೊರೆದು ಎರಡನ್ನೂ ತಂತಿಯಿಂದ ಕಟ್ಟಿದರೆ ಹಿಡಿತ ಹೆಚ್ಚು. ಕೆಲಸ ಮುಗಿದ ಮೇಲೆ ಹತ್ತು ದಿನವಾದರೂ ಗೋಣಿಚೀಲ ಹೊದಿಸಿ ನೀರು ಬಿಡಬೇಕು.