ಪಾಲುದಾರಿಕೆ ಪತ್ರದ ಒಂದು ಸಾಲು

ನನ್ನ ಮಾಮು ಮತ್ತು ಅವರ ಗೆಳೆಯ ಸೇರಿ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ಹಿಡಿದು ಗೇಟ್, ಗ್ರಿಲ್ ಮಾಡುವ ವೆಲ್ಡಿಂಗ್ ಕೆಲಸ ಶುರು ಮಾಡುವವರಿದ್ದರು. "ನೀನು ಕಾಮರ್ಸ್ ಅಲ್ವಾ, ಯಾವ ರೂಪದಲ್ಲಿ ಮಾಡಿದರೆ ತೆರಿಗೆ ಕಡಿಮೆ ಹೇಳು" ಎಂದು ಕೇಳಿದರು. ಲೆಕ್ಕಕ್ಕಾಗಿ ವರ್ಷದ ಲಾಭ 12 ಲಕ್ಷ ರೂಪಾಯಿ ಎಂದಿಟ್ಟುಕೊಂಡೆ. ದರಗಳು 2025-26ನೇ ಸಾಲಿನವು.

ಮಾಮು ಒಬ್ಬರ ಹೆಸರಿನಲ್ಲೇ ನಡೆಸಿದರೆ ಲಾಭವೆಲ್ಲ ಅವರದೇ ಆದಾಯ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಆದರೆ ಹಣ ಹಾಕುವವರು ಇಬ್ಬರು. ಗೆಳೆಯನ ಹಕ್ಕಿಗೆ ಕಾಗದದಲ್ಲಿ ಆಧಾರವೇ ಇರುವುದಿಲ್ಲ.

ಹಾಗಾಗಿ ಪಾಲುದಾರಿಕೆ. ಇದು ಸುಲಭ ಎಂದುಕೊಂಡಿದ್ದೆ. ಆದರೆ ಪಾಲುದಾರಿಕೆ ಸಂಸ್ಥೆಗೆ ಸ್ಲ್ಯಾಬ್ ಇಲ್ಲ, ರಿಯಾಯಿತಿಯೂ ಇಲ್ಲ. ಮೊದಲ ರೂಪಾಯಿಯಿಂದಲೇ 30 ಶೇಕಡಾ, ಸೆಸ್ ಸೇರಿ 31.2. ಅಂದರೆ 12 ಲಕ್ಷಕ್ಕೆ 3,74,400 ರೂಪಾಯಿ!

ಇದನ್ನು ಇಳಿಸುವುದು ಪಾಲುದಾರರ ಸಂಬಳ. ಪತ್ರದಲ್ಲಿ ಬರೆಯದಿದ್ದರೆ ಪಾಲುದಾರನಿಗೆ ಸಂಬಳವಿಲ್ಲ ಎಂದು ಅಕೌಂಟೆನ್ಸಿಯಲ್ಲಿ ನಾವು ಓದುತ್ತೇವಲ್ಲ, ತೆರಿಗೆ ಕಾನೂನಿನಲ್ಲೂ ಹಾಗೆಯೇ. ದುಡಿಯುವ ಪಾಲುದಾರ ಯಾರು, ಸಂಬಳ ಎಷ್ಟು ಅಥವಾ ಅದನ್ನು ಲೆಕ್ಕ ಹಾಕುವುದು ಹೇಗೆ ಎಂಬುದು ಪತ್ರದಲ್ಲಿ ಇದ್ದರೆ ಮಾತ್ರ ಅದು ಸಂಸ್ಥೆಯ ಖರ್ಚಾಗುತ್ತದೆ. ಅದಕ್ಕೂ ಮಿತಿ ಇದೆ. ಲಾಭದ ಮೊದಲ 6 ಲಕ್ಷದಲ್ಲಿ 90 ಶೇಕಡಾ, ಉಳಿದದ್ದರಲ್ಲಿ 60 ಶೇಕಡಾ. ಇಲ್ಲಿ 5.4 ಲಕ್ಷಕ್ಕೆ 3.6 ಲಕ್ಷ ಸೇರಿ ಒಟ್ಟು 9 ಲಕ್ಷ. ಉಳಿದ 3 ಲಕ್ಷಕ್ಕೆ ತೆರಿಗೆ 93,600 ರೂಪಾಯಿ. ಬೇರೆ ಆದಾಯವಿಲ್ಲದಿದ್ದರೆ, ತಲಾ 4.5 ಲಕ್ಷ ಸಂಬಳಕ್ಕೆ ಇಬ್ಬರಿಗೂ ತೆರಿಗೆ ಬರುವುದಿಲ್ಲ. ಲಾಭದ ಪಾಲಿಗೆ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಆದರೆ 2025ರ ಏಪ್ರಿಲ್‌ನಿಂದ ಈ ಸಂಬಳ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ 10 ಶೇಕಡಾ ಟಿಡಿಎಸ್ ಹಿಡಿಯಬೇಕು. ಇಬ್ಬರೂ ರಿಟರ್ನ್ ಸಲ್ಲಿಸಿಯೇ ಆ ಹಣ ವಾಪಸ್ ಪಡೆಯಬೇಕು.

ಮಾಮು ತಂದ ಕರಡು ಪತ್ರದಲ್ಲಿ ಬಂಡವಾಳ, ಲಾಭ ಹಂಚಿಕೆ ಎಲ್ಲ ಇತ್ತು, ಸಂಬಳದ ಮಾತೇ ಇರಲಿಲ್ಲ. ಆ ಒಂದು ಸಾಲಿನ ಬೆಲೆ 2,80,800 ರೂಪಾಯಿ. ವರ್ಷದ ಕೊನೆಯಲ್ಲಿ ಸೇರಿಸಿದರೆ ಹಿಂದಿನ ತಿಂಗಳುಗಳಿಗೆ ಅದು ನಡೆಯುವುದಿಲ್ಲ.

ಪ್ರೈವೇಟ್ ಕಂಪನಿ ಮಾಡಿದರೆ ಇಬ್ಬರು ನಿರ್ದೇಶಕರಿಗೆ ತಲಾ 6 ಲಕ್ಷ ಸಂಬಳ ಕೊಟ್ಟು ತೆರಿಗೆಯನ್ನು ಸೊನ್ನೆಗೆ ತರಬಹುದು. ಆದರೆ ವ್ಯಾಪಾರ ಇರಲಿ ಬಿಡಲಿ, ಪ್ರತಿ ವರ್ಷ ಸಿಎಯಿಂದ ಆಡಿಟ್ ಆಗಲೇಬೇಕು. ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಎರಡನ್ನೂ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ 180 ದಿನ ತಡವಾದರೆ 36,000. ಸಾಲ ಮುಳುಗಿದಾಗ ಮನೆ ಮಾರುವ ಭಯ ಕಂಪನಿಯಲ್ಲಿ ಕಡಿಮೆ ಎನ್ನುತ್ತಾರೆ, ನಿಜ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ಸಾಮಾನ್ಯವಾಗಿ ನಿರ್ದೇಶಕರ ಸ್ವಂತ ಜಾಮೀನು ಕೇಳುತ್ತದೆ.

ಮಾಮು ಪಾಲುದಾರಿಕೆಯನ್ನೇ ಆರಿಸಿದರು. ಸಂಬಳದ ಸಾಲು ಸೇರಿಸಿ ಪತ್ರವನ್ನು ಮತ್ತೆ ಟೈಪ್ ಮಾಡಿಸಿದ ಮೇಲೆಯೇ ಇಬ್ಬರೂ ಸಹಿ ಹಾಕಿದ್ದು.