ಬೋರ್ಡಿನ ಮೇಲಿನ ಊರು ಯಾರದು?

ಮುಂಬಯಿಯ ಮಾಟುಂಗಾದಲ್ಲಿ ಆರು ವರ್ಷಗಳ ಅಂತರದಲ್ಲಿ ಮೂರು ಹೋಟೆಲುಗಳು ಬಾಗಿಲು ತೆರೆದವು: 1936ರಲ್ಲಿ ಕೆಫೆ ಮೈಸೂರು, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮೂರನ್ನೂ ನಡೆಸಿದವರು ಕರಾವಳಿಯ ಕಾಮತ, ನಾಯಕ ಮನೆತನದವರು. ಆದರೂ ಹುಟ್ಟೂರಿನ ಕಡೆಯ ಹೆಸರು ಕಾಣುವುದು ಒಂದೇ ಬೋರ್ಡಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಹಾಗಾಗಿ ಮದ್ರಾಸ್ ಎಂಬ ಹೆಸರು ಸಹಜವೇ ಎನ್ನಬಹುದು. ಮೈಸೂರಿಗೆ ಈ ಸಮಾಧಾನ ಒಪ್ಪುವುದಿಲ್ಲ, ಅದು ಬೇರೆಯೇ ಸಂಸ್ಥಾನ. ಬೋರ್ಡಿನಲ್ಲಿ ಮಾಲೀಕ ಬರೆಸುವುದು ತಾನು ಎಲ್ಲಿಂದ ಬಂದೆ ಎಂಬುದನ್ನಲ್ಲ, ಯಾರು ಒಳಗೆ ಬರಲಿ ಎಂಬ ಆಸೆಯನ್ನು ಎಂದುಕೊಂಡರೆ ಮೂರೂ ಹೆಸರುಗಳು ಅರ್ಥವಾಗುತ್ತವೆ. ಮಾಟುಂಗಾದಲ್ಲಿ ನೆಲೆಸಿದ್ದ ತಮಿಳು ಗುಮಾಸ್ತರಿಗೆ ಮದ್ರಾಸ್ ತಮ್ಮದೇ ಊರು. ಉಳಿದವರಿಗೆ ಇಡ್ಲಿ, ಕಾಫಿಯ ಗುರುತು. ಇರಾನಿ ಅಂಗಡಿಗಳಿಂದಾಗಿ ‘ಕೆಫೆ’ ಎಂದರೇನೆಂದು ಮುಂಬಯಿಗೆ ಮೊದಲೇ ಗೊತ್ತಿತ್ತು. ‘ಬೋರ್ಡಿಂಗ್’ ಎಂಬುದು ಸಂಸಾರ ಊರಲ್ಲಿ ಬಿಟ್ಟು ಬಂದು ದಿನವೂ ಊಟಕ್ಕೆ ಅಲೆಯುವವನನ್ನು ಕರೆಯುವ ಮಾತು. ಅಂಥವನಿಗೆ ಉಡುಪಿ, ಶ್ರೀಕೃಷ್ಣ ಎಂಬೆರಡು ಪದ ಸಾಕು: ಶುದ್ಧ ಸಸ್ಯಾಹಾರ, ಮಠದ ಊಟದ ಮಡಿ.

ಇದೆಲ್ಲ ಅತಿಯಾದ ಲೆಕ್ಕಾಚಾರ, ಹೆಸರಿಡುವುದು ಭಕ್ತಿಯಿಂದ ಎನ್ನುವವರಿದ್ದಾರೆ. ಭಕ್ತಿ ಸುಳ್ಳಲ್ಲ. ಆದರೆ ಅದಕ್ಕೆ ಗಲ್ಲಾಪೆಟ್ಟಿಗೆಯ ಮೇಲೆ ಹೂ ಮುಡಿದ ಪಟ ಇದ್ದೇ ಇರುತ್ತದೆ. ಕರಾವಳಿಯವರ ಮನೆದೈವ, ಭೂತಗಳ ಹೆಸರು ಹೊರಗಿನ ಬೋರ್ಡಿಗೆ ಬರುವುದು ಅಪರೂಪ. ಗುಜರಾತಿಗೂ ಮರಾಠಿಗೂ ಪರಿಚಿತನಾದ ಶಿವನೋ ಕೃಷ್ಣನೋ ಬರುತ್ತಾನೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ಮೇಲೆ ಹರಿಹಾಯ್ದಾಗ ಉಡುಪಿ ಹೋಟೆಲುಗಳಿಗೂ ಕಲ್ಲು ಬಿದ್ದವು; ಊರಿನ ಹೆಸರಿಲ್ಲದ ‘ಶಿವ್ ಸಾಗರ್’ನಂಥ ಬೋರ್ಡುಗಳು ಬಂದದ್ದು ಆ ಭಯದಿಂದ ಎಂಬ ವಾದ. ಭಯ ಇದ್ದಿರಲೇಬೇಕು. ಆದರೆ ಅದೊಂದೇ ಕಾರಣವಾಗಿದ್ದರೆ ಮೊದಲು ಇಳಿಯಬೇಕಿದ್ದುದು ಮದ್ರಾಸ್ ಎಂಬ ಬೋರ್ಡು. ಅದು ಇಂದಿಗೂ ಅಲ್ಲೇ ಇದೆ. ನನಗೆ ಕಾಣುವ ದೊಡ್ಡ ಕಾರಣ ಮೆನು. ದೋಸೆಯ ಪಕ್ಕದಲ್ಲಿ ಪಾವ್‌ಭಾಜಿ, ಪನೀರ್, ಚೈನೀಸ್ ಬಂದ ಮೇಲೆ ‘ಉಡುಪಿ’ ಎಂಬ ಹೆಸರು ಗಿರಾಕಿಗೆ ಅರ್ಧ ಸತ್ಯವನ್ನಷ್ಟೇ ಹೇಳುತ್ತಿತ್ತು. ‘ಸಾಗರ’ದಲ್ಲಿ ಎಲ್ಲಕ್ಕೂ ಜಾಗವಿದೆ.

ಮನೆಯ ವಿಷಯ ಬೇರೆ. ಮುಂಬಯಿಯಲ್ಲಿ ಫ್ಲಾಟ್ ಕೊಂಡವನು ಸಾಮಾನ್ಯವಾಗಿ ಬಿಲ್ಡರ್ ಇಟ್ಟ ಹೆಸರಿನ ಕಟ್ಟಡದಲ್ಲೇ ಬಾಳಬೇಕು. ಅವನ ಪಾಲಿಗೆ ಉಳಿಯುವುದು ಬಾಗಿಲ ಮೇಲಿನ ಪುಟ್ಟ ಫಲಕ. ಹೆಸರಿಡುವ ಪೂರ್ಣ ಸ್ವಾತಂತ್ರ್ಯ ಇರುವುದು ಅಂಗಡಿಗೆ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟ ಬಳಿಕ ಬೋರ್ಡಿನಲ್ಲಿ ಮರಾಠಿಯ ದೇವನಾಗರಿ ಅಕ್ಷರ ಇರಬೇಕೆಂಬ ನಿಯಮವನ್ನು ಅಂಗಡಿಗಳು ಪಾಲಿಸಲೇಬೇಕಾಯಿತು. ನಿಯಮ ಲಿಪಿಯನ್ನು ಗೊತ್ತುಮಾಡಿತೇ ಹೊರತು ಹೆಸರನ್ನಲ್ಲ. ಮದ್ರಾಸ್ ಈಗ ದೇವನಾಗರಿಯಲ್ಲೂ ಮದ್ರಾಸೇ.