ಐವತ್ತೆರಡಕ್ಕೆ ವಿಆರ್‌ಎಸ್, ಐವತ್ತೆಂಟಕ್ಕೆ ಪೆನ್ಷನ್: ನಡುವಿನ ಆರು ವರ್ಷ

ಖಾಸಗಿ ಕಾರ್ಖಾನೆಯಲ್ಲಿ ದುಡಿದವರಿಗೆ ಪಿಎಫ್ ಜತೆಗೆ ಒಂದು ಪಿಂಚಣಿಯೂ ಇದೆ. 1995ರಲ್ಲಿ ಬಂದ ಈ ಯೋಜನೆಯಲ್ಲಿ ಪೂರ್ತಿ ಪಿಂಚಣಿ ಶುರುವಾಗುವುದು 58 ತುಂಬಿದ ಮೇಲೆ. ಕಂಪನಿ ವಿಆರ್‌ಎಸ್ ಕೊಟ್ಟು ಕಳಿಸುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ. ಹತ್ತು ವರ್ಷ ಸೇವೆಯಾಗಿದ್ದರೆ 50ರ ನಂತರ ಯಾವಾಗ ಬೇಕಾದರೂ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ಶೇ. 4ರಂತೆ ಕಡಿತವಾಗುತ್ತದೆ, ಮತ್ತು ಆ ಕಡಿತ ಬದುಕಿರುವವರೆಗೂ ಉಳಿಯುತ್ತದೆ. ಇದಕ್ಕೆ ಹೆದರಿ ಬಹಳಷ್ಟು ಮಂದಿ ಕಾಯುತ್ತಾರೆ. ಕಾಯುವುದು ಲಾಭವೇ ಎಂದು ಲೆಕ್ಕ ಹಾಕಿ ನೋಡಬೇಕು.

ಪೀಣ್ಯದ ಫಿಟ್ಟರ್ ಒಬ್ಬರನ್ನು ಊಹಿಸಿಕೊಳ್ಳಿ. 1999ರ ಸೆಪ್ಟೆಂಬರ್‌ನಲ್ಲಿ ಸೇರಿ 2025ರ ಆಗಸ್ಟ್ ಕೊನೆಗೆ, 52ನೇ ವಯಸ್ಸಿನಲ್ಲಿ ವಿಆರ್‌ಎಸ್ ತೆಗೆದುಕೊಂಡವರು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 40,000 ರೂಪಾಯಿ. ಆದರೂ ಪಿಂಚಣಿಗೆ ಲೆಕ್ಕವಾಗುವ ಸಂಬಳಕ್ಕೆ ಮಿತಿಯಿದೆ: 2014ರ ಆಗಸ್ಟ್‌ವರೆಗಿನ ಸೇವೆಗೆ 6,500, ಆಮೇಲಿನದಕ್ಕೆ 15,000. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಮೊದಲ ಹದಿನೈದು ವರ್ಷಕ್ಕೆ ಸುಮಾರು 1,393, ಮುಂದಿನ ಹನ್ನೊಂದಕ್ಕೆ 2,357, ಒಟ್ಟು ತಿಂಗಳಿಗೆ 3,750 ರೂಪಾಯಿ. (ದೀರ್ಘ ಸೇವೆಗೆ ಸಿಗುವ ಎರಡು ವರ್ಷಗಳ ಹೆಚ್ಚುವರಿಯನ್ನು ಇಲ್ಲಿ ಸೇರಿಸಿಲ್ಲ.) 52ಕ್ಕೇ ಕೇಳಿದರೆ ಶೇ. 24 ಕಳೆದು 2,850.

ತಿಂಗಳಿಗೆ 900 ರೂಪಾಯಿ ನಷ್ಟ, ಅದೂ ಜೀವನಪರ್ಯಂತ! ಆದರೆ ಇನ್ನೊಂದು ಬದಿಯನ್ನೂ ನೋಡಿ. ಬೇಗ ತೆಗೆದುಕೊಂಡರೆ 58ರೊಳಗೆ 72 ತಿಂಗಳಲ್ಲಿ 2,05,200 ರೂಪಾಯಿ ಕೈಗೆ ಬಂದಿರುತ್ತದೆ. ಕಾದವರು ತಿಂಗಳಿಗೆ 900ರಂತೆ ಅದನ್ನು ಹಿಂದೆ ಹಾಕಲು 228 ತಿಂಗಳು, ಅಂದರೆ 77ನೇ ವಯಸ್ಸಿನವರೆಗೆ ಬದುಕಬೇಕು. ಇದು ಬಡ್ಡಿ ಸೇರಿಸದ ಲೆಕ್ಕ. ಅದೇ ಎರಡು ಲಕ್ಷ ಪಿಎಫ್‌ನಲ್ಲಿ ಉಳಿದಿದ್ದರೆ, 2024–25ರ ಶೇ. 8.25ರ ದರದಲ್ಲಿ ವರ್ಷಕ್ಕೆ 16,000ಕ್ಕೂ ಹೆಚ್ಚು ಬಡ್ಡಿ ಬರುತ್ತದೆ. ಕಾದಿದ್ದಕ್ಕೆ ಸಿಗುವ ಹೆಚ್ಚುವರಿ ವರ್ಷಕ್ಕೆ 10,800 ಮಾತ್ರ. ಸರ್ಕಾರಿ ಪಿಂಚಣಿಯಂತೆ ಇದಕ್ಕೆ ತುಟ್ಟಿಭತ್ಯೆಯೂ ಇಲ್ಲದ್ದರಿಂದ, ಬೆಲೆ ಏರಿದಂತೆಲ್ಲ ಆ 900ರ ಬೆಲೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಮತ್ತೆ ಪಿಎಫ್ ಇರುವ ಕೆಲಸಕ್ಕೆ ಸೇರುವ ಯೋಚನೆ ಇಲ್ಲದವರಿಗೆ ಬೇಗ ತೆಗೆದುಕೊಳ್ಳುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಸೇರುವವರು ಕಾಯಬೇಕು. ಅವರು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಹಳೆಯ ಸೇವೆಯೂ ಹೊಸ ಸೇವೆಯೂ ಒಂದಾಗುತ್ತದೆ.

ಇದಕ್ಕೊಂದು ಷರತ್ತಿದೆ. ಆ 2,850 ಬಂದಷ್ಟು ಪಿಎಫ್ ಅಥವಾ ಠೇವಣಿಯಿಂದ ತೆಗೆಯುವುದು ಕಡಿಮೆಯಾಗಬೇಕು. ಕೈಗೆ ಬಂತೆಂದು ಖರ್ಚು ಹೆಚ್ಚಾದರೆ ಉಳಿಯುವುದು ಕಡಿತವೊಂದೇ.

ಮನೆ ನಡೆಯುವುದಂತೂ ಬೇರೆ ದುಡ್ಡಿನಿಂದ. ನಮ್ಮ ಫಿಟ್ಟರ್‌ಗೆ ಗ್ರಾಚ್ಯುಟಿ 6 ಲಕ್ಷ (40,000ದ 26ರಲ್ಲಿ 15 ಭಾಗವನ್ನು 26 ವರ್ಷಕ್ಕೆ ಗುಣಿಸಿದ್ದು), ವಿಆರ್‌ಎಸ್ ಪರಿಹಾರ 10 ಲಕ್ಷ, ಪಿಎಫ್ 24 ಲಕ್ಷ ಎಂದುಕೊಳ್ಳೋಣ. ಪರಿಹಾರದಲ್ಲಿ ತೆರಿಗೆ ವಿನಾಯಿತಿ 5 ಲಕ್ಷದವರೆಗೆ ಮಾತ್ರ, ಅದನ್ನು ಮೊದಲೇ ಕಳೆದು ನೋಡಬೇಕು. ಮನೆಖರ್ಚು ತಿಂಗಳಿಗೆ 25,000 ಆದರೆ ಆರು ವರ್ಷಕ್ಕೆ 18 ಲಕ್ಷ. ಬ್ಯಾಂಕ್ ಬಡ್ಡಿ ಬೆಲೆಯೇರಿಕೆಗೆ ಸರಿಹೋದರೆ, ಗ್ರಾಚ್ಯುಟಿ ಮತ್ತು ಪರಿಹಾರದ 16 ಲಕ್ಷ ಐದೂಕಾಲು ವರ್ಷ ದಾಟಿಸುತ್ತದೆ. ಕೊರತೆಯಾದ ಎರಡು ಲಕ್ಷವನ್ನು ತುಂಬುವುದು ಆ 2,850ರ ಪಿಂಚಣಿಯೇ. ತೆರಿಗೆಗೆ ಹೋದದ್ದಿದ್ದರೆ ಅಷ್ಟನ್ನು ಸಣ್ಣ ಕೆಲಸದಿಂದ ತುಂಬಿಕೊಳ್ಳಬೇಕು.

ಹೀಗೆ ಮಾಡಿದರೆ ಪಿಎಫ್ ಮುಟ್ಟಬೇಕಾಗಿಲ್ಲ. ಕೆಲಸ ಬಿಟ್ಟರೂ 58ರವರೆಗೆ ಅದಕ್ಕೆ ಬಡ್ಡಿ ಬೀಳುತ್ತದೆ. ಇದೇ ದರ ಮುಂದುವರಿದರೆ 24 ಲಕ್ಷ 38 ಲಕ್ಷ ದಾಟುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆಯಿದೆ ಎಂದು ಆದಾಯ ತೆರಿಗೆ ನ್ಯಾಯಮಂಡಳಿಯ ಬೆಂಗಳೂರು ಪೀಠ 2017ರಲ್ಲಿ ಹೇಳಿದೆ. ಹಾಗಾಗಿ ಪ್ರತಿವರ್ಷ ರಿಟರ್ನ್‌ನಲ್ಲಿ ಅದನ್ನು ತೋರಿಸಬೇಕು. 58ಕ್ಕೆ ಈ ಮನೆಯ ಖರ್ಚು 35,000ದ ಆಸುಪಾಸಿನಲ್ಲಿರುತ್ತದೆ. ಪೂರ್ತಿ ಪಿಂಚಣಿ ಬಂದರೂ ಅದರ ಹತ್ತನೇ ಒಂದು ಭಾಗ ಅಷ್ಟೇ. ಮಗಳ ಮದುವೆಗೋ ಸೈಟಿಗೋ ಪಿಎಫ್ ಖಾಲಿ ಮಾಡಿದವರಿಗೆ ಕಷ್ಟ ಗೊತ್ತಾಗುವುದು ಆ ವಯಸ್ಸಿನಲ್ಲಿ.

ಕಂಪನಿ ಬಿಡುವ ಮೊದಲೇ ಇಪಿಎಫ್‌ಒ ಜಾಲತಾಣದಲ್ಲಿ ನಿಮ್ಮ ವಿವರ ತೆರೆದು ನೋಡಿ. ಹೆಸರು ಮತ್ತು ಜನ್ಮದಿನಾಂಕ ಆಧಾರ್‌ನಲ್ಲಿದ್ದಂತೆಯೇ ಇರಬೇಕು. ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಪ್ರತಿ ತಿಂಗಳೂ ಮೊತ್ತ ಬಿದ್ದಿರಬೇಕು. ಬಿಟ್ಟ ಮೇಲೆ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಪಿಂಚಣಿ ಕೇಳುವ ಫಾರಂ 10ಡಿ ಮುಂದೆ ಹೋಗುವುದಿಲ್ಲ. ಎಚ್‌ಆರ್ ವಿಭಾಗದವರು ನಿಮ್ಮ ಫೋನ್ ಎತ್ತುವ ದಿನಗಳಲ್ಲೇ ಇದನ್ನೆಲ್ಲ ಸರಿಪಡಿಸಿಕೊಳ್ಳಿ.